ಎರಡು ಬಸ್ಸು ಒಂದಾಗುವುದು ಹೇಗೆ: ಪ್ರಿಸಂ ಕನ್ನಡಕದ ಒಳಗುಟ್ಟು

ಮೇಷ್ಟ್ರು ಕ್ಲಿನಿಕ್ಕಿಗೆ ಬಂದಾಗ ಎಡಗಣ್ಣಿನ ಮೇಲೆ ಮಡಚಿದ ಕರ್ಚೀಫು ಒತ್ತಿ ಹಿಡಿದಿದ್ದರು. ವಯಸ್ಸು 62. 12 ವರ್ಷದಿಂದ ಶುಗರ್, ಜೊತೆಗೆ ಬಿಪಿ. "ಅಮ್ಮಾ, ರಸ್ತೆ ದಾಟೋಕೆ ನಿಂತ್ರೆ ಎರಡು ಬಸ್ಸು ಬರ್ತವೆ. ಯಾವುದು ನಿಜವಾದ ಬಸ್ಸು ಅಂತ ಗೊತ್ತಾಗಲ್ಲ" ಅಂದರು. ನಾನು ಆಪ್ಟೊಮೆಟ್ರಿಸ್ಟ್, ಕಣ್ಣು ಅಳೆದು ಕನ್ನಡಕ ಬರೆಯುವವಳು. ಇಂಥ ಮಾತು ಆಗಾಗ ಕೇಳುತ್ತೇನೆ. ಆದರೂ ಪ್ರತಿ ಸಲ ಅದೇ ಮೊದಲ ಪ್ರಶ್ನೆಯಿಂದಲೇ ಶುರು ಮಾಡಬೇಕು.

"ಕರ್ಚೀಫು ತೆಗೀರಿ ಮೇಷ್ಟ್ರೇ. ಈಗ ಬಲಗಣ್ಣು ಮುಚ್ಚಿ. ಎಷ್ಟು ಕಾಣುತ್ತೆ?"

"ಒಂದೇ."

"ಈಗ ಎಡಗಣ್ಣು ಮುಚ್ಚಿ."

"ಒಂದೇ. ಎರಡೂ ಬಿಟ್ರೆ ಎರಡು."

ಯಾವ ಕಣ್ಣು ಮುಚ್ಚಿದರೂ ಒಂದೇ ಕಾಣುತ್ತದೆ ಎಂದರೆ ಎರಡು ಕಣ್ಣೂ ಬಿಡಿಬಿಡಿಯಾಗಿ ಸರಿಯಾಗೇ ನೋಡುತ್ತಿವೆ, ಆದರೆ ಒಂದೇ ಕಡೆ ನೋಡುತ್ತಿಲ್ಲ ಎಂದರ್ಥ. ಪ್ರಿಸಂ ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ಒಂದು ಕಣ್ಣು ಮುಚ್ಚಿದ ಮೇಲೂ ಇನ್ನೊಂದರಲ್ಲಿ ಎರಡೆರಡು, ನೆರಳು ನೆರಳಾಗಿ ಕಾಣುತ್ತಿದ್ದರೆ ತೊಂದರೆ ಆ ಕಣ್ಣಿನ ಒಳಗೇ ಇದೆ. ಪೊರೆ ಬಂದಿರಬಹುದು, ಪವರ್ ಬದಲಾಗಿರಬಹುದು, ಕಣ್ಣಿನ ಮುಂದಿನ ಪಾರದರ್ಶಕ ಪದರ ಸೊಟ್ಟಾಗಿರಬಹುದು. ಅದಕ್ಕೆ ಎಷ್ಟು ಪ್ರಿಸಂ ಹಾಕಿದರೂ ಪ್ರಯೋಜನವಿಲ್ಲ.

ಮೇಷ್ಟ್ರನ್ನು ನನ್ನ ಹತ್ತಿರ ಕಳಿಸುವ ಮೊದಲೇ ಕಣ್ಣಿನ ಡಾಕ್ಟರು ನೋಡಿದ್ದರು. ಇದು ಮುಖ್ಯ. ಇದ್ದಕ್ಕಿದ್ದಂತೆ ಎರಡೆರಡು ಕಾಣಲು ಶುರುವಾದರೆ ಕನ್ನಡಕದ ಅಂಗಡಿಗಲ್ಲ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಅದರ ಜೊತೆಗೆ ರೆಪ್ಪೆ ಜೋತು ಬಿದ್ದಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿದ್ದರೆ, ಹಿಂದೆಂದೂ ಬಾರದಂಥ ತಲೆನೋವಿದ್ದರೆ, ಮಾತು ತೊದಲಿದರೆ, ಕೈಕಾಲಿನ ಬಲ ಕಡಿಮೆಯಾದರೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೇಷ್ಟ್ರಲ್ಲಿ ಇದ್ಯಾವುದೂ ಇರಲಿಲ್ಲ. ಶುಗರ್ ಮತ್ತು ಬಿಪಿಯಿಂದ, ಮಿದುಳಿನಿಂದ ಹೊರಡುವ ನರಗಳಲ್ಲಿ ಆರನೆಯದಕ್ಕೆ ಹೋಗುವ ಸಣ್ಣ ರಕ್ತನಾಳದಲ್ಲಿ ತೊಂದರೆಯಾಗಿ ನರ ಸೋತಿತ್ತು. ಈ ನರಕ್ಕೆ ಒಂದೇ ಕೆಲಸ: ಕಣ್ಣನ್ನು ಕಿವಿಯ ಕಡೆಗೆ ಎಳೆಯುವ ಸ್ನಾಯುವನ್ನು ನಡೆಸುವುದು. ಎಡಗಡೆಯ ನರ ಸೋತದ್ದರಿಂದ ಎಡಗಣ್ಣು ಮೂಗಿನ ಕಡೆ ವಾಲಿತ್ತು. ಇಂಥ ಕಾರಣದಿಂದ ಸೋತ ನರ ಹೆಚ್ಚಿನವರಲ್ಲಿ 3ರಿಂದ 6 ತಿಂಗಳಲ್ಲಿ ತಾನೇ ಚೇತರಿಸಿಕೊಳ್ಳುತ್ತದೆ. ಆದರೆ ಅಷ್ಟು ತಿಂಗಳು ಕರ್ಚೀಫು ಹಿಡಿದುಕೊಂಡೇ ಓಡಾಡೋಕೆ ಆಗುತ್ತಾ?

ಪ್ರಿಸಂ ಏನು ಮಾಡುತ್ತದೆ ಎಂದು ಈಗ ನೋಡೋಣ. ಬಾಗಿಲು ಅಲುಗಾಡದಂತೆ ಕೆಳಗೆ ಸಿಗಿಸುವ ಮರದ ಬೆಣೆಯನ್ನು ನೆನಪಿಸಿಕೊಳ್ಳಿ. ಒಂದು ಅಂಚು ದಪ್ಪ, ಇನ್ನೊಂದು ತೆಳು. ಅದೇ ಆಕಾರದ ಗಾಜು ಅಥವಾ ಪ್ಲಾಸ್ಟಿಕ್ ಪ್ರಿಸಂ. ಅದರೊಳಗೆ ಹಾದುಹೋಗುವ ಬೆಳಕು ದಪ್ಪ ಅಂಚಿನ ಕಡೆಗೆ ಬಾಗುತ್ತದೆ. ಈ ದಪ್ಪ ಅಂಚಿಗೆ ಬೇಸ್ ಅನ್ನುತ್ತೇವೆ.

ಮೇಷ್ಟ್ರ ಎಡಗಣ್ಣಿನ ಮುಂಭಾಗ ಮೂಗಿನ ಕಡೆ ತಿರುಗಿದೆ ಅಲ್ವಾ? ಕಣ್ಣು ಒಂದು ಗುಂಡು. ಮುಂಭಾಗ ಮೂಗಿನ ಕಡೆ ತಿರುಗಿದರೆ ಹಿಂಭಾಗ ಕಿವಿಯ ಕಡೆ ಸರಿಯುತ್ತದೆ. ಸ್ಪಷ್ಟವಾಗಿ ನೋಡುವ ಸಣ್ಣ ಜಾಗ ಇರುವುದು ಆ ಹಿಂಭಾಗದಲ್ಲೇ. ಬಸ್ಸಿನಿಂದ ಬಂದ ಬೆಳಕು ಬಲಗಣ್ಣಿನಲ್ಲಿ ಆ ಜಾಗಕ್ಕೇ ಬೀಳುತ್ತದೆ. ಎಡಗಣ್ಣಿನಲ್ಲಿ ಪಕ್ಕಕ್ಕೆ ಬೀಳುತ್ತದೆ. ಮಿದುಳು ಎರಡು ಕಡೆ ಎರಡು ಬಸ್ಸು ಎಂದು ಲೆಕ್ಕ ಹಾಕುತ್ತದೆ. ಈಗ ಬೆಳಕನ್ನೂ ಕಿವಿಯ ಕಡೆಗೆ ಬಾಗಿಸಿದರೆ ಅದು ಸರಿದ ಜಾಗಕ್ಕೇ ಹೋಗಿ ಬೀಳುತ್ತದೆ. ಅದಕ್ಕೇ ದಪ್ಪ ಅಂಚು ಕಿವಿಯ ಕಡೆ ಬರುವಂತೆ ಪ್ರಿಸಂ ಇಡುತ್ತೇವೆ. ಚೀಟಿಯಲ್ಲಿ ಇದನ್ನು ಬೇಸ್ ಔಟ್ ಎಂದು ಬರೆದಿರುತ್ತಾರೆ. ಕಣ್ಣು ಹೊರಗೆ ವಾಲಿದ್ದರೆ ಬೇಸ್ ಇನ್, ಅಂದರೆ ದಪ್ಪ ಅಂಚು ಮೂಗಿನ ಕಡೆ. ಒಂದು ಕಣ್ಣು ಮೇಲೆ ಹೋಗಿದ್ದರೆ ಆ ಕಣ್ಣಿಗೆ ಬೇಸ್ ಡೌನ್.

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪ್ರಿಸಂ ಕಣ್ಣನ್ನು ನೇರ ಮಾಡುವುದಿಲ್ಲ. ನರವನ್ನೂ ವಾಸಿ ಮಾಡುವುದಿಲ್ಲ. ಕಣ್ಣು ಎಲ್ಲಿದೆಯೋ ಅಲ್ಲಿಗೆ ಬೆಳಕನ್ನು ತಂದು ಕೊಡುತ್ತದೆ, ಅಷ್ಟೆ. ಕನ್ನಡಕ ತೆಗೆದ ಕೂಡಲೇ ಎರಡು ಬಸ್ಸು ಮತ್ತೆ ಬರುತ್ತವೆ.

ಪ್ರಿಸಂನ ಬಲಕ್ಕೆ ಅಳತೆ ಇದೆ, ಪ್ರಿಸಂ ಡಯಾಪ್ಟರ್ ಅನ್ನುತ್ತಾರೆ. ಲೆಕ್ಕ ಬಹಳ ಸುಲಭ. 1 ಡಯಾಪ್ಟರ್ ಪ್ರಿಸಂ, 1 ಮೀಟರ್ ದೂರದಲ್ಲಿ ಬೆಳಕನ್ನು 1 ಸೆಂಟಿಮೀಟರ್ ಸರಿಸುತ್ತದೆ. ಮೇಷ್ಟ್ರು ನೇರ ದೂರಕ್ಕೆ ನೋಡಿದಾಗ ಸಿಕ್ಕ ಸಂಖ್ಯೆ 16. ಅಂದರೆ 6 ಮೀಟರ್ ದೂರದ ಗೋಡೆಯ ಮೇಲೆ ಎರಡು ಚಿತ್ರಗಳ ನಡುವೆ 96 ಸೆಂಟಿಮೀಟರ್. 20 ಮೀಟರ್ ದೂರದ ಬಸ್ಸಾದರೆ 3 ಮೀಟರಿಗೂ ಹೆಚ್ಚು. ಪಕ್ಕದ ಲೇನಿನಲ್ಲಿ ಇನ್ನೊಂದು ಬಸ್ಸು ಬರುತ್ತಿದೆ ಎಂದೇ ಅನ್ನಿಸುತ್ತದೆ. ಮೇಷ್ಟ್ರು ಸುಮ್ನೆ ಹೆದರಿದ್ದಲ್ಲ.

ಈ 16 ಸಿಕ್ಕಿದ್ದು ಹೇಗೆ? ದೂರದ ಒಂದು ಅಕ್ಷರ ನೋಡಲು ಹೇಳಿ, ಒಂದು ಕಣ್ಣು ಮುಚ್ಚಿ ಕೂಡಲೇ ಇನ್ನೊಂದಕ್ಕೆ ಮುಚ್ಚಳ ಬದಲಾಯಿಸುತ್ತೇವೆ. ಮುಚ್ಚಳ ತೆಗೆದ ಕಣ್ಣು ಅಕ್ಷರ ಹಿಡಿಯಲು ಪಕ್ಕಕ್ಕೆ ಜಿಗಿಯುತ್ತದೆ. ಸಣ್ಣದರಿಂದ ದೊಡ್ಡದರವರೆಗೆ ಪ್ರಿಸಂಗಳನ್ನು ಏಣಿಯ ಮೆಟ್ಟಿಲಿನಂತೆ ಜೋಡಿಸಿದ ಪಟ್ಟಿ ಇರುತ್ತದೆ. ಅದನ್ನು ಒಂದೊಂದೇ ಮೆಟ್ಟಿಲು ಸರಿಸುತ್ತಾ ಹೋಗುತ್ತೇವೆ. ಯಾವ ಪ್ರಿಸಂಗೆ ಕಣ್ಣಿನ ಜಿಗಿತ ನಿಲ್ಲುತ್ತದೋ ಅದೇ ಓರೆಯ ಅಳತೆ. ಆಮೇಲೆ ಬಲಗಣ್ಣಿನ ಮುಂದೆ ಗೀರುಗೀರಾದ ಕೆಂಪು ಗಾಜು ಇಟ್ಟು ದೂರದಲ್ಲಿ ಬಿಳಿ ದೀಪ ಹಚ್ಚಿದೆ. ಆ ಗಾಜಿನ ಮೂಲಕ ದೀಪವು ಉದ್ದನೆಯ ಕೆಂಪು ಗೆರೆಯಾಗಿ ಕಾಣುತ್ತದೆ. "ಗೆರೆ ದೀಪದ ಯಾವ ಕಡೆ ಇದೆ?" "ಬಲಕ್ಕೆ, ದೂರದಲ್ಲಿ." ಪ್ರಿಸಂ ಹೆಚ್ಚಿಸುತ್ತಾ ಹೋದ ಹಾಗೆ ಗೆರೆ ಹತ್ತಿರ ಬಂತು. ಕೊನೆಗೆ ದೀಪದ ನಡುವೆ ಹಾದುಹೋಯಿತು. ನನಗೆ ಕಂಡ ಅಳತೆಯೂ ಅವರಿಗೆ ಕಂಡ ಅಳತೆಯೂ ಒಂದೇ ಎಂದು ಇದರಿಂದ ಖಾತ್ರಿಯಾಯಿತು.

ಒಂದೇ ದಿಕ್ಕಿಗೆ ಅಳೆದರೆ ಸಾಲದು. ಎಡಕ್ಕೆ ನೋಡಿದಾಗ ಮೇಷ್ಟ್ರ ಸಂಖ್ಯೆ 30 ಆಯಿತು, ಬಲಕ್ಕೆ ನೋಡಿದಾಗ 4. ಓದುವ ದೂರದಲ್ಲಿ 6. ಸೋತ ಸ್ನಾಯು ಯಾವ ಕಡೆ ಎಳೆಯಬೇಕೋ ಆ ಕಡೆ ನೋಡಿದಾಗ ಓರೆ ಜಾಸ್ತಿ. ಅದಕ್ಕೇ ಅವರು ಗೊತ್ತಿಲ್ಲದೆಯೇ ಮುಖವನ್ನು ಎಡಕ್ಕೆ ತಿರುಗಿಸಿಕೊಂಡು ಕುಳಿತಿದ್ದರು. ಹಾಗೆ ಕೂತರೆ ಕಣ್ಣು ಬಲಕ್ಕೆ ನೋಡಿದ ಹಾಗಾಗಿ ಎರಡು ಚಿತ್ರ ಹತ್ತಿರ ಬರುತ್ತವೆ. ದೇಹ ತಾನೇ ಕಂಡುಕೊಂಡ ಉಪಾಯ ಇದು, ಆದರೆ ಸಂಜೆಯ ಹೊತ್ತಿಗೆ ಕತ್ತು ಹಿಡಿಯುತ್ತಿತ್ತು.

ಹಾಗಾದರೆ ಕನ್ನಡಕಕ್ಕೆ 16 ಹಾಕಿಬಿಡೋದಾ? ಇಲ್ಲ. ಪ್ರಿಸಂ ಬರೆಯುವುದರಲ್ಲಿ ಕೌಶಲ ಇರುವುದೇ ಇಲ್ಲಿ. ಅಳತೆಯಲ್ಲಿ ಬಂದ ಸಂಖ್ಯೆ ಬೇರೆ, ಚೀಟಿಗೆ ಬರೆಯುವ ಸಂಖ್ಯೆ ಬೇರೆ. ಎರಡು ಚಿತ್ರ ಹತ್ತಿರ ಬಂದರೆ ಉಳಿದ ಅಂತರವನ್ನು ಮಿದುಳೇ ಕಣ್ಣುಗಳನ್ನು ಸ್ವಲ್ಪ ಅತ್ತಿತ್ತ ಮಾಡಿ ಮುಚ್ಚಿಕೊಳ್ಳುತ್ತದೆ. ಈ ಶಕ್ತಿ ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲ. ಕಣ್ಣುಗಳನ್ನು ಒಳಕ್ಕೆ ಸೇರಿಸುವ ಶಕ್ತಿ ಜಾಸ್ತಿ. ಹೊರಕ್ಕೆ ಬಿಡಿಸುವ ಶಕ್ತಿ ಕಡಿಮೆ, ದೂರ ನೋಡುವಾಗ ಸುಮಾರು 6ರಿಂದ 8 ಡಯಾಪ್ಟರ್. ಮೇಲೆ ಕೆಳಗೆ ಹೊಂದಿಸುವ ಶಕ್ತಿ ಎಲ್ಲಕ್ಕಿಂತ ಕಡಿಮೆ, 2 ಅಥವಾ 3 ಮಾತ್ರ. ಅದಕ್ಕೇ ಮೇಲೆ ಕೆಳಗಿನ ಓರೆ ತೀರಾ ಸಣ್ಣದಿದ್ದರೂ ಜನ ಒದ್ದಾಡುತ್ತಾರೆ, 1 ಡಯಾಪ್ಟರ್ ಹಾಕಿದರೂ ಹಾಯೆನಿಸುತ್ತದೆ.

ಮೇಷ್ಟ್ರಿಗೆ 8 ಇಟ್ಟು ನೋಡಿದೆ. ಎರಡೇ. 10 ಇಟ್ಟಾಗ ಒಂದು ಕ್ಷಣ ಕೂಡಿ ಮತ್ತೆ ಬಿಟ್ಟುಕೊಂಡಿತು. 12 ಇಟ್ಟ ತಕ್ಷಣ ಅವರ ಹುಬ್ಬಿನ ಗಂಟು ಬಿಚ್ಚಿತು. "ಕೂಡಿತು ನೋಡಿ" ಅಂದರು. ನಾಲ್ಕೈದು ಸಲ ಕಣ್ಣು ಮುಚ್ಚಿ ತೆರೆಸಿದೆ. ಪ್ರತಿ ಸಲ ಒಂದೇ. ಹಾಗಾಗಿ 12. ಉಳಿದ 4 ಅನ್ನು ಅವರ ಕಣ್ಣೇ ನಿಭಾಯಿಸುತ್ತಿತ್ತು. ಓದುವಾಗ ಬೇಕಿದ್ದದ್ದು 6, ಆಗ 12 ಜಾಸ್ತಿಯಾಗಲ್ವಾ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಆ ಹೆಚ್ಚಿನ 6ಕ್ಕೆ ಕಣ್ಣು ಒಳಕ್ಕೆ ಸೇರಬೇಕು, ಆ ಶಕ್ತಿ ನಮ್ಮಲ್ಲಿ ಧಾರಾಳವಾಗಿದೆ.

ಬರೀ ಕುರ್ಚಿಯಲ್ಲಿ ಕೂರಿಸಿ ಪ್ರಿಸಂ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಪ್ರಿಸಂ ಹಾಕಿದ ಟ್ರಯಲ್ ಫ್ರೇಮ್ ತೊಡಿಸಿ ಅರ್ಧ ಗಂಟೆ ಓಡಾಡಿಸುತ್ತೇನೆ. ಮೇಷ್ಟ್ರು ಕಾರಿಡಾರಿನಲ್ಲಿ ನಡೆದರು, ಮಗನ ಕೈ ಹಿಡಿದು ಮೆಟ್ಟಿಲು ಇಳಿದರು, ಲೋಟಕ್ಕೆ ನೀರು ಬಗ್ಗಿಸಿದರು, ಪೇಪರ್ ಓದಿದರು. ವಾಪಸ್ ಬಂದ ಮೇಲೆ ಮತ್ತೆ ಅಳೆದೆ. ಕೆಲವರ ಕಣ್ಣು ಪ್ರಿಸಂ ಅನ್ನು ನುಂಗಿಬಿಡುತ್ತದೆ. ಅಂದರೆ 12 ಹಾಕಿದರೆ ಓರೆ ಅಷ್ಟೇ ಹೆಚ್ಚಿ, ಸ್ವಲ್ಪ ಹೊತ್ತಿಗೆ ಮತ್ತೆ ಎರಡು ಕಾಣುತ್ತದೆ. ಅಂಥವರಿಗೆ ಮೇಲಿಂದ ಮೇಲೆ ಸಂಖ್ಯೆ ಏರಿಸುತ್ತಾ ಹೋಗುವುದು ದಾರಿಯಲ್ಲ, ಡಾಕ್ಟರ ಜೊತೆ ಬೇರೆ ಚಿಕಿತ್ಸೆಯ ಮಾತಾಡಬೇಕು. ಮೇಷ್ಟ್ರಲ್ಲಿ ಹಾಗಾಗಲಿಲ್ಲ.

ನರ ಇನ್ನೂ ಚೇತರಿಸಿಕೊಳ್ಳುವ ಹಂತದಲ್ಲಿರುವಾಗ ಲೆನ್ಸಿನಲ್ಲೇ ಪ್ರಿಸಂ ಅರೆಸುವುದು ದುಡ್ಡು ದಂಡ. ಓರೆ ಬದಲಾಗುತ್ತಲೇ ಇರುತ್ತದೆ. ಅದಕ್ಕೆ ಫ್ರೆನೆಲ್ ಪ್ರಿಸಂ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಇದೆ, ಸುಮಾರು 1 ಮಿಲಿಮೀಟರ್ ದಪ್ಪ. ಒಂದು ದೊಡ್ಡ ಬೆಣೆಯ ಬದಲು ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಬೆಣೆಗಳು ಅದರಲ್ಲಿರುತ್ತವೆ. ಲೈಟ್‌ಹೌಸಿನ ದೀಪಕ್ಕೆ 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ಮಾಡಿದ ಮೆಟ್ಟಿಲುಮೆಟ್ಟಿಲು ಲೆನ್ಸಿನ ಉಪಾಯವೇ ಇದು. ಹಾಳೆಯನ್ನು ಲೆನ್ಸಿನ ಆಕಾರಕ್ಕೆ ಕತ್ತರಿಸಿ, ನುಣುಪು ಮೈಯನ್ನು ಲೆನ್ಸಿನ ಒಳಬದಿಗೆ ನೀರಿನಲ್ಲೇ ಅಂಟಿಸುತ್ತೇವೆ. ಗೋಂದು ಬೇಡ. ಬೇಸ್ ಔಟ್ ಆದರೆ ಗೆರೆಗಳು ನೆಟ್ಟಗೆ ಮೇಲಿಂದ ಕೆಳಕ್ಕೆ ಇರಬೇಕು. ಮೇಷ್ಟ್ರ ಎಡ ಲೆನ್ಸಿಗೆ ಮಾತ್ರ ಅಂಟಿಸಿದೆ. ಈ ಹಾಳೆ ದೃಷ್ಟಿಯನ್ನು ಸ್ವಲ್ಪ ಮಂಕು ಮಾಡುತ್ತದೆ. ಆ ಮಂಕು ಸೋತ ಕಣ್ಣಿಗಿರಲಿ, ಬಲಗಣ್ಣು ತಿಳಿಯಾಗಿಯೇ ಇರಲಿ ಎಂದು.

ಇನ್ನು ಅಭ್ಯಾಸ ಆಗುವ ದಿನಗಳು. ಯಾರೂ ಮೊದಲೇ ಹೇಳದಿದ್ದರೆ ಜನ ಗಾಬರಿಯಾಗುವುದು ಇಲ್ಲೇ. ಮೊದಲ ಎರಡು ದಿನ ಮೇಷ್ಟ್ರಿಗೆ ನೆಲ ಒಂದು ಕಡೆ ಇಳಿಜಾರಾದಂತೆ ಅನ್ನಿಸಿತು. ಬಾಗಿಲ ಚೌಕಟ್ಟು ನಡುವೆ ಸ್ವಲ್ಪ ಬಾಗಿದಂತೆ ಕಂಡಿತು. ಕಿಟಕಿಯ ನಿಂತ ಸರಳುಗಳಿಗೆ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಅಂಚು. ಅಡ್ಡ ಸರಳುಗಳಿಗೆ ಈ ಬಣ್ಣ ಇರಲಿಲ್ಲ. ಅದನ್ನು ಅವರೇ ಗಮನಿಸಿ ಹೇಳಿದರು, ಸರಿಯಾಗೇ ಹೇಳಿದರು. ಪ್ರಿಸಂ ಬೆಳಕನ್ನು ಬಾಗಿಸುವಾಗ ನೀಲಿಯನ್ನು ಕೆಂಪಿಗಿಂತ ಸ್ವಲ್ಪ ಜಾಸ್ತಿ ಬಾಗಿಸುತ್ತದೆ. ಅಕ್ಕಪಕ್ಕಕ್ಕೆ ಬಾಗಿಸುವ ಪ್ರಿಸಂ ಆದ್ದರಿಂದ ಬಣ್ಣ ನಿಂತ ಅಂಚುಗಳಲ್ಲೇ ಕಾಣುತ್ತದೆ. ರಾತ್ರಿ ಬೀದಿದೀಪದ ಸುತ್ತ ಗೀರುಗೀರು ಬೆಳಕು. ಸ್ವಲ್ಪ ತಲೆಭಾರ. ಆದರೆ ಬಸ್ಸು ಒಂದೇ.

ಒಂದು ವಾರಕ್ಕೆ ನೆಲ ಸಮವಾಯಿತು. ಮಿದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳಲು ಸಾಮಾನ್ಯವಾಗಿ ಕೆಲವು ದಿನದಿಂದ ಎರಡು ವಾರ ಬೇಕು. ಬೆಳಗ್ಗೆ ಎದ್ದ ಕೂಡಲೇ ಹಾಕಿಕೊಂಡು ರಾತ್ರಿ ಮಲಗುವಾಗ ತೆಗೆದರೆ ಬೇಗ ಹೊಂದುತ್ತದೆ. ಗಂಟೆಗೊಮ್ಮೆ ಹಾಕಿ ತೆಗೆದು ಮಾಡಿದರೆ ಪ್ರತಿ ಸಲ ಮೊದಲಿಂದ ಶುರು. ಬಾಗಿದ ಚೌಕಟ್ಟು, ಬಣ್ಣದ ಅಂಚು ದಿನದಿಂದ ದಿನಕ್ಕೆ ಕಡಿಮೆಯಾದರೆ ಅದು ಅಭ್ಯಾಸದ ಭಾಗ. ಎರಡು ವಾರ ಕಳೆದರೂ ನೇರಕ್ಕೆ ನೋಡಿದಾಗ ಎರಡೆರಡು ಕಂಡರೆ, ತಲೆಸುತ್ತು ಹಾಗೇ ಉಳಿದರೆ ಅದು ಅಭ್ಯಾಸದ ಮಾತಲ್ಲ, ಮತ್ತೆ ಅಳೆಯಬೇಕು.

ಎರಡು ದೂರು ಎಲ್ಲರಿಂದಲೂ ಬರುತ್ತವೆ. ಒಂದು, "ಎಡಕ್ಕೆ ನೋಡಿದ್ರೆ ಮತ್ತೆ ಎರಡು." ಹೌದು. ಮೇಷ್ಟ್ರಿಗೆ ಎಡಕ್ಕೆ 30 ಬೇಕು, ಕನ್ನಡಕದಲ್ಲಿರುವುದು 12. ಒಂದು ಪ್ರಿಸಂ ಒಂದು ದಿಕ್ಕಿಗೆ ಮಾತ್ರ ಹೊಂದುತ್ತದೆ. ನೇರಕ್ಕೆ ಮತ್ತು ಓದುವುದಕ್ಕೆ ಒಂದೇ ಕಾಣುವಂತೆ ಮಾಡುವುದೇ ನಮ್ಮ ಗುರಿ. ಪಕ್ಕಕ್ಕೆ ನೋಡಬೇಕಾದರೆ ಕಣ್ಣಿನ ಬದಲು ತಲೆ ತಿರುಗಿಸಬೇಕು. ರಸ್ತೆ ದಾಟುವಾಗ ಇದನ್ನು ಮರೆಯಬಾರದು. ಗಾಡಿ ಓಡಿಸುವುದಂತೂ ಡಾಕ್ಟರು ಸರಿ ಎನ್ನುವವರೆಗೆ ಬೇಡ. ಇನ್ನೊಂದು ದೂರು, "ಕನ್ನಡಕ ತೆಗೆದ್ರೆ ಮೊದಲಿಗಿಂತ ಜಾಸ್ತಿ ಎರಡು ಕಾಣುತ್ತೆ, ಕಣ್ಣು ಕೆಟ್ಟೋಯ್ತಾ?" ಸಾಮಾನ್ಯವಾಗಿ ಹಾಗಲ್ಲ. ದಿನವಿಡೀ ಆರಾಮಾಗಿದ್ದ ಕಣ್ಣಿಗೆ ಹಳೆಯ ಒದ್ದಾಟ ಈಗ ಎದ್ದು ಕಾಣುತ್ತದೆ. ಅನುಮಾನವಿದ್ದರೆ ಅಳೆದರೆ ಗೊತ್ತಾಗುತ್ತದೆ.

ಆರನೇ ವಾರ ಮೇಷ್ಟ್ರು ಬೇರೆಯದೇ ಮಾತು ತಂದರು. "ಈಗ ಕನ್ನಡಕ ಹಾಕಿದ್ರೇ ಕಷ್ಟ ಅಮ್ಮಾ, ದೂರಕ್ಕೆ ಏನೋ ಎಳೆದ ಹಾಗಾಗುತ್ತೆ." ನನಗೆ ಖುಷಿಯಾಯಿತು. ಅಳೆದರೆ 16 ಇದ್ದದ್ದು 10ಕ್ಕೆ ಇಳಿದಿತ್ತು. ನರ ಚೇತರಿಸಿಕೊಳ್ಳುತ್ತಿತ್ತು, ಪ್ರಿಸಂ ಜಾಸ್ತಿಯಾಗಿತ್ತು. 12ರ ಹಾಳೆ ಕಿತ್ತು 6ರ ಹಾಳೆ ಅಂಟಿಸಿದೆ. ಹಾಳೆಯ ಸಂಖ್ಯೆ ಸಣ್ಣದಾದಷ್ಟೂ ಮಂಕೂ ಕಡಿಮೆ.

ಪೂರ್ತಿ ವಾಸಿಯಾಗಿ ಹಾಳೆಯೇ ಬೇಡವಾಗುವವರೇ ಹೆಚ್ಚು. ಮೇಷ್ಟ್ರಲ್ಲಿ ಮಾತ್ರ ಸ್ವಲ್ಪ ಉಳಿಯಿತು. ಆರನೇ ತಿಂಗಳಲ್ಲಿ 6, ಎಂಟನೇ ತಿಂಗಳಲ್ಲೂ 6. ಸಂಖ್ಯೆ ಹೀಗೆ ನಿಂತ ಮೇಲೆಯೇ ಲೆನ್ಸಿನಲ್ಲಿ ಪ್ರಿಸಂ ಮಾಡಿಸಬೇಕು. ಅವರಿಗೆ 4 ಸಾಕಾಯಿತು. ಅದನ್ನು ಎರಡು ಕಣ್ಣಿಗೆ ಹಂಚಿ, ತಲಾ 2 ಬೇಸ್ ಔಟ್ ಬರೆದೆ. ಹಂಚುವುದಕ್ಕೆ ಕಾರಣ ದಪ್ಪ. 50 ಮಿಲಿಮೀಟರ್ ಅಗಲದ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸಿನಲ್ಲಿ 1 ಡಯಾಪ್ಟರ್ ಪ್ರಿಸಂಗೆ ಒಂದು ಅಂಚು ಇನ್ನೊಂದಕ್ಕಿಂತ ಸುಮಾರು 1 ಮಿಲಿಮೀಟರ್ ದಪ್ಪವಾಗುತ್ತದೆ. ಒಂದೇ ಕಡೆ 4 ಹಾಕಿದರೆ ಆ ಕಡೆ 4 ಮಿಲಿಮೀಟರ್ ಹೆಚ್ಚು, ಕನ್ನಡಕ ಒಂದು ಬದಿಗೆ ವಾಲುತ್ತದೆ. ಹಂಚಿದರೆ ಎರಡೂ ಕಡೆ 2. ಸಣ್ಣ ಅಗಲದ ಫ್ರೇಮ್ ಆರಿಸಿದರೆ ಇನ್ನೂ ಕಡಿಮೆ. ಪಾಲಿಕಾರ್ಬೊನೇಟ್ ಲೆನ್ಸಿನಲ್ಲಿ ಬಣ್ಣದ ಅಂಚು ಜಾಸ್ತಿ ಕಾಣುವುದರಿಂದ ಪ್ರಿಸಂ ಇದ್ದವರಿಗೆ ನಾನು ಆದಷ್ಟು ಅದನ್ನು ಬರೆಯುವುದಿಲ್ಲ.

ತಯಾರಿಕೆಯಲ್ಲಿ ತಪ್ಪಾಗುವುದುಂಟು. ಬೇಸ್ ಔಟ್ ಬದಲು ಬೇಸ್ ಇನ್ ಆಗಿ ಬಂದರೆ 6ರ ಓರೆಗೆ ಇನ್ನೂ 4 ಸೇರಿ 10 ಆಗುತ್ತದೆ, ಕನ್ನಡಕ ಹಾಕಿದ ಕೂಡಲೇ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಪವರ್ ಕಡಿಮೆ ಇರುವ ಲೆನ್ಸಾದರೆ ಮನೆಯಲ್ಲೇ ನೋಡಬಹುದು. ಕನ್ನಡಕವನ್ನು ಹಾಕಿಕೊಳ್ಳುವ ದಿಕ್ಕಿನಲ್ಲೇ ಕೈಯಳತೆಯ ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ಒಂದೊಂದೇ ಲೆನ್ಸಿನ ನಡುಭಾಗದಿಂದ ಬಾಗಿಲ ಅಂಚನ್ನು ನೋಡಿ. ಬೇಸ್ ಔಟ್ ಆದರೆ ಲೆನ್ಸಿನೊಳಗಿನ ಅಂಚು ಕನ್ನಡಕದ ಮೂಗಿನ ಕಡೆಗೆ ಸರಿದಿರುತ್ತದೆ. ಪವರ್ ಜಾಸ್ತಿ ಇದ್ದವರಿಗೆ ಇನ್ನೊಂದು ಅಪಾಯವಿದೆ. ಲೆನ್ಸಿನ ಕೇಂದ್ರ ಪಾಪೆಯ ಎದುರಿಗೆ ಇಲ್ಲದಿದ್ದರೆ ಬರೆಯದೇ ಇದ್ದ ಪ್ರಿಸಂ ತಾನಾಗಿ ಹುಟ್ಟುತ್ತದೆ. ಮೈನಸ್ 5 ಲೆನ್ಸು 4 ಮಿಲಿಮೀಟರ್ ಸರಿದರೆ ಸಾಕು, 2 ಡಯಾಪ್ಟರ್ ಪ್ರಿಸಂ. ಪ್ರಿಸಂ ಕನ್ನಡಕ ಕೈಗೆ ಬಂದ ದಿನ ಬರೆದವರ ಹತ್ತಿರವೇ, ಲೆನ್ಸನ್ನು ಅಳೆಯುವ ಲೆನ್ಸೊಮೀಟರಿನಲ್ಲಿ ನೋಡಿಸಿಕೊಳ್ಳಿ.

ಮೇಷ್ಟ್ರು ಆಮೇಲೆ ಒಂದು ಸಲ ಬಂದದ್ದು ಬೇರೆ ಕಾರಣಕ್ಕೆ. ಊರಿನ ಅಂಗಡಿಯಲ್ಲಿ ಕಂಪ್ಯೂಟರ್ ಟೆಸ್ಟ್ ಮಾಡಿಸಿ ಇನ್ನೊಂದು ಜೊತೆ ಕನ್ನಡಕ ಮಾಡಿಸಿದ್ದರು. ಹಾಕಿಕೊಂಡರೆ ಸಂಜೆ ಹೊತ್ತಿಗೆ ಎರಡು ಬಸ್ಸು ಮತ್ತೆ ಹಾಜರ್. ರೋಗ ಮರುಕಳಿಸಿತು ಎಂದು ಹೆದರಿದ್ದರು. ಆ ಯಂತ್ರ ಪವರ್ ಅಳೆಯುತ್ತದೆ, ಪ್ರಿಸಂ ಎಷ್ಟು ಬೇಕು ಎಂದು ಹೇಳುವುದಿಲ್ಲ. ಹೊಸ ಲೆನ್ಸಿನಲ್ಲಿ ಪವರ್ ಸರಿಯಾಗಿತ್ತು, ಪ್ರಿಸಂ ಸೊನ್ನೆ. ಓರೆ ಅಳೆದೆ, ಅದೇ 6. ಹಳೆಯ ಚೀಟಿಯ ನಕಲು ಬರೆದು, "ತಲಾ 2, ಬೇಸ್ ಔಟ್" ಎಂಬ ಸಾಲಿನ ಕೆಳಗೆ ಗೆರೆ ಎಳೆದು ಕೊಟ್ಟೆ. ಅದನ್ನು ಮಡಚಿ ಕನ್ನಡಕದ ಡಬ್ಬಿಯೊಳಗೇ ಇಟ್ಟುಕೊಂಡರು.